ಮೈನಸ್ ಒಂದನ್ನು ಸುತ್ತಲೇಬೇಕಿತ್ತು, ನಾನು ಸುತ್ತಬಾರದು ಅಂದುಕೊಂಡೆ

ನಮ್ಮ ಕಂಟ್ರೋಲ್ ಲ್ಯಾಬಿನ ಬೀರು ಹಿಂದೆ ಒಂದು ಫ್ಲೆಕ್ಸ್ ಸುತ್ತಿಟ್ಟಿದ್ದೇನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ, ಮೇ ತಿಂಗಳ ಬಿಸಿಲಲ್ಲಿ ನಿಂತು ಪ್ರಿಂಟ್ ಹಾಕಿಸಿದ್ದು. ಮೇಲೆ ದೊಡ್ಡ ಅಕ್ಷರದಲ್ಲಿ 'ನೈಕ್ವಿಸ್ಟ್ ಪ್ಲಾಟ್, K = 0.8, ಸಿಸ್ಟಮ್ ಸ್ಟೇಬಲ್' ಅಂತ ಇದೆ. ಅದರಲ್ಲಿ ಪ್ಲಾಟ್ ಸರಿ, K ಸರಿ. ಕೊನೆಯ ಎರಡು ಪದ ಮಾತ್ರ ಸುಳ್ಳು. ಬರೆದದ್ದು ನಾನೇ.

ಕಾಲೇಜಿಗೆ ತಪಾಸಣೆ ತಂಡ ಬರುವುದಿತ್ತು. ಹೆಚ್‌ಒಡಿ ಸರ್ ಮ್ಯಾಗ್ನೆಟಿಕ್ ಲೆವಿಟೇಶನ್ ಕಿಟ್ ತೋರಿಸೋಣ ಅಂದರು. ಮೇಲೊಂದು ಕಾಯಿಲ್, ಅದರ ಕೆಳಗೆ ಗಾಳಿಯಲ್ಲಿ ನಿಲ್ಲುವ ಸ್ಟೀಲ್ ಗುಂಡು, ಪಕ್ಕದಲ್ಲಿ ಗುಂಡಿನ ನೆರಳು ಅಳೆಯುವ ಸೆನ್ಸರ್. ನೋಡೋಕೆ ಚೆಂದ, ಯಾರಾದರೂ ಫೋಟೋ ತೆಗೆಯುತ್ತಾರೆ. ಕಿಟ್ ತಂದವರು ಕೆಲಸ ಬಿಟ್ಟು ಹೋಗಿದ್ದರು, ಮ್ಯಾನ್ಯುಯಲ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹೊಸದು ಕೇಳಿದರೆ ಮೂರು ಕೊಟೇಶನ್ ತನ್ನಿ ಅಂತಾರೆ. ಮ್ಯಾನ್ಯುಯಲ್‌ಗೂ ಕೊಟೇಶನ್!

ಸರಿ, ಲೆಕ್ಕ ನಾನೇ ಹಾಕಿದೆ. ಕಾಯಿಲ್‌ಗೆ ಕರೆಂಟ್ ಆಂಪ್ಲಿಫೈಯರ್ ಇದೆ. ಗುಂಡು ಮತ್ತು ಕಾಯಿಲ್ ನಡುವಿನ ಅಂತರ 12 ಮಿ.ಮೀ. ಹಾಗಿದ್ದಾಗ ಪೋಲ್ ಎಲ್ಲಿ ಬೀಳುತ್ತದೆ ಅನ್ನೋದು ಸುಲಭ. ಗುರುತ್ವದ ಎರಡು ಪಟ್ಟನ್ನು ಅಂತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಆಯ್ತು. 19.62 ಭಾಗಿಸು 0.012, ಅಂದರೆ 1635, ಅದರ ವರ್ಗಮೂಲ ಸುಮಾರು 40. ಪೋಲ್‌ಗಳು +40 ಮತ್ತು -40. ಪಿಡಿ ಕಂಟ್ರೋಲರಿನ ಝೀರೋ -40ರ ಹತ್ತಿರವೇ ಇದ್ದದ್ದರಿಂದ ಎಡಗಡೆ ಪೋಲ್ ಹೊಡೆದುಹೋಯಿತು. ಸೆನ್ಸರ್ ಫಿಲ್ಟರಿಗೆ ಒಂದು, ಆಂಪ್ಲಿಫೈಯರಿಗೆ ಒಂದು ಅಂತ 400ರ ಹತ್ತಿರ ಎರಡು ಲ್ಯಾಗ್ ಸೇರಿಸಿದೆ. ಉಳಿದದ್ದು ಇಷ್ಟೇ, ಆಕ್ಟೇವ್‌ನಲ್ಲಿ:

```
pkg load control
s = tf('s');
K = 4;
L = K/((s/40 - 1)*(1 + s/400)^2);
pole(L)
nyquist(L)
```

K = 4 ಯಾಕೆ ಅಂದರೆ, ಪ್ಯಾನೆಲ್ ಮೇಲೆ ಗೇನ್ ನಾಬ್ ಪಕ್ಕ ಯಾರೋ ಮಾರ್ಕರ್ ಪೆನ್ನಲ್ಲಿ ಒಂದು ಗೀಟು ಎಳೆದಿದ್ದರು. ಆ ಗೀಟಿಗೆ ನಾಬ್ ಇಟ್ಟು ಅಳೆದಾಗ ಬಂದದ್ದು 4. ಸುಮ್ನೆ ಅದನ್ನೇ ಹಾಕಿದೆ.

ಪ್ಲಾಟ್ ಬಂತು. ಕರ್ವ್ -4ರಿಂದ ಶುರುವಾಗಿ ಕೆಳಗೆ ಇಳಿದು, ಬಲಕ್ಕೆ ತಿರುಗಿ, -0.25ರ ಹತ್ತಿರ ರಿಯಲ್ ಆಕ್ಸಿಸ್ ದಾಟಿ ಮೇಲೆ ಹೋಗಿ ಒರಿಜಿನ್ ಸೇರುತ್ತದೆ. ಅದರ ಕನ್ನಡಿ ಬಿಂಬ ಮೇಲುಗಡೆ. ನಡುವೆ, ಚೀಲದೊಳಗೆ ಕಲ್ಲು ಇದ್ದ ಹಾಗೆ, -1 ಕೂತಿದೆ.

ನನ್ನ ಎದೆ ಧಸಕ್ಕೆಂದಿತು. ವರ್ಷಗಳಿಂದ ಥಿಯರಿ ಕ್ಲಾಸಲ್ಲಿ ನಾನೇ ಹೇಳಿಕೊಂಡು ಬಂದ ಮಾತು: -1 ಸುತ್ತಿದರೆ ಕೆಟ್ಟಿತು, ಸುತ್ತದಿದ್ದರೆ ಬದುಕಿತು. ಪರೀಕ್ಷೆಗೆ ಬರುವ ಲೆಕ್ಕಗಳಲ್ಲಿ ಬಲಗಡೆ ಪೋಲ್ ಇರುವುದೇ ಅಪರೂಪ, ಹಾಗಾಗಿ ಮಾತು ಯಾವತ್ತೂ ತಪ್ಪಿರಲಿಲ್ಲ. ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಬರೆದದ್ದು ಟೆಲಿಫೋನ್ ಲೈನಿನ ಫೀಡ್‌ಬ್ಯಾಕ್ ಆಂಪ್ಲಿಫೈಯರ್‌ಗಳ ತಲೆನೋವಿಗೆ. ಅವು ಲೂಪ್ ಬಿಚ್ಚಿಟ್ಟರೂ ತಣ್ಣಗೆ ಕೂರುವಂಥವು. ಅಲ್ಲಿ ಸುತ್ತಬಾರದು ಅನ್ನೋದು ಸರಿ. ನನ್ನ ಮುಂದಿದ್ದದ್ದು ಬಿಟ್ಟ ತಕ್ಷಣ ಬೀಳುವ ಗುಂಡು. `pole(L)` ಸ್ಕ್ರೀನ್ ಮೇಲೆ 40 ಅಂತ ತೋರಿಸಿತ್ತು. ನೋಡಿದೆ, ಮುಂದೆ ಹೋದೆ.

K ಇಳಿಸುತ್ತಾ ಬಂದೆ. 0.8ಕ್ಕೆ ಕರ್ವ್ ಪೂರ್ತಿ -1ರ ಬಲಕ್ಕೆ ಬಂತು. ಸುತ್ತು ಇಲ್ಲ. ಖುಷಿಯಾಗಿ ಫ್ಲೆಕ್ಸ್‌ಗೆ ಕಳಿಸಿದೆ.

ತಪಾಸಣೆ ದಿನ ಬೆಳಗ್ಗೆ ಎಂಟೂವರೆಗೆ ಲ್ಯಾಬ್. ಫ್ಲೆಕ್ಸ್ ಗೋಡೆಗೆ, ನಾಬ್ 0.8ಕ್ಕೆ. ಗುಂಡನ್ನು ಬೆರಳಲ್ಲಿ ಹಿಡಿದು 12 ಮಿ.ಮೀ. ಕೆಳಗೆ ತಂದು ಬಿಟ್ಟೆ. ಟಪ್ ಅಂತ ಬಿತ್ತು. ಮತ್ತೆ ಬಿಟ್ಟೆ, ಬಿತ್ತು. ಮೂರನೇ ಸಲ ಸ್ವಲ್ಪ ಮೇಲೆ ಹಿಡಿದು ಬಿಟ್ಟರೆ ಕಾಯಿಲ್‌ಗೆ ಹೋಗಿ ಅಂಟಿಕೊಂಡಿತು. ಕುಣಿತ ಇಲ್ಲ, ಸದ್ದು ಇಲ್ಲ. ಯಾವ ಕಡೆ ಚೂರು ವಾಲಿದೆಯೋ ಆ ಕಡೆಗೇ ಹೋಗುತ್ತದೆ.

ಇಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಅದು ಬಿಟ್ಟು ಹಾರ್ಡ್‌ವೇರ್ ಮೇಲೆ ಬಿದ್ದೆ. ಮೊದಲು ಬಿಸಿಲಿನ ಮೇಲೆ ಅನುಮಾನ: ಕಾಯಿಲ್ ಕಾದು ರೆಸಿಸ್ಟೆನ್ಸ್ ಏರಿದೆ ಅಂತ. ಕರೆಂಟ್ ಆಂಪ್ಲಿಫೈಯರ್ ಇರುವಾಗ ಅಷ್ಟು ಏರಿಕೆಯನ್ನು ಅದೇ ಸರಿದೂಗಿಸುತ್ತದೆ ಅನ್ನೋದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ಆಮೇಲೆ ಸೆನ್ಸರ್ ಎಲ್‌ಇಡಿ ಬಿಚ್ಚಿದೆ. ನಲವತ್ತು ನಿಮಿಷ ಹೋಯಿತು. ಶರ್ಟ್ ಬೆನ್ನಿಗೆ ಅಂಟಿತ್ತು. ಹೆಚ್‌ಒಡಿ ಸರ್ ಬಾಗಿಲಲ್ಲಿ ಎರಡು ಸಲ ಇಣುಕಿ, ಏನೂ ಹೇಳದೆ ಹೋದರು. ಅದು ಬೈಗುಳಕ್ಕಿಂತ ಜಾಸ್ತಿ.

ಎಲ್‌ಇಡಿ ವಾಪಸ್ ಹಾಕಿ, ಸ್ಕ್ರೂ ಹುಡುಕುತ್ತಾ ಟೇಬಲ್ ಕೆಳಗೆ ಕೂತಿದ್ದೆ. ಮೇಲಿಂದ ನಮ್ಮ ಅಟೆಂಡರ್ ಅಣ್ಣನ ದನಿ: "ಸರ್, ಗುಂಡು ನಿಂತದ ನೋಡ್ರಿ."

ಎದ್ದು ನೋಡಿದರೆ ನಿಂತಿದೆ. ಅಲುಗಾಟವೇ ಇಲ್ಲ.

"ಏನ್ ಮಾಡಿದ್ರಿ ಅಣ್ಣಾ?"

"ಏನಿಲ್ರಿ. ನಾಬ್ ಗೀಟ್ ಬಿಟ್ಟು ಕೆಳಗ ಹೋಗಿತ್ತು. ಹಿಂದಿನ ಸರ್ ಗೀಟಿಗೇ ಇಡು ಅಂತಿದ್ರು, ಇಟ್ಟೆ."

ಆಗ ಕೂತು ಲೆಕ್ಕ ಮಾಡಲು ವೇಳೆ ಇರಲಿಲ್ಲ. ಇದ್ದಿದ್ದರೆ ಎರಡನೇ ತಪ್ಪು ಆಗುತ್ತಿರಲಿಲ್ಲ. ನನಗೆ ಅರ್ಥವಾದದ್ದು ಅರ್ಧ: ಗೇನ್ ಕಡಿಮೆಯಾದರೆ ಬೀಳುತ್ತದೆ, ಜಾಸ್ತಿಯಾದರೆ ನಿಲ್ಲುತ್ತದೆ.

ಹನ್ನೊಂದಕ್ಕೆ ತಂಡ ಬಂತು. ಗುಂಡು ನಿಂತಿತ್ತು, ಫೋಟೋ ಆಯ್ತು. ತಂಡದಲ್ಲಿದ್ದ ಹಿರಿಯರೊಬ್ಬರು ಗೋಡೆ ನೋಡಿದರು, ನಾಬ್ ನೋಡಿದರು. "ಫ್ಲೆಕ್ಸ್‌ನಲ್ಲಿ 0.8 ಇದೆ, ಇಲ್ಲಿ ಎಷ್ಟು ಇಟ್ಟಿದ್ದೀರಿ?" ಅಂದರು. ನಾಲ್ಕು ಅಂದೆ. "ಜಾಸ್ತಿ ಮಾಡಿದರೆ?" ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ ಸರ್ ಅಂತ ಹೇಳಿ ತಿರುಗಿಸಿದೆ. ಹತ್ತು, ಹನ್ನೆರಡು. ಗುಂಡು ಸಣ್ಣಗೆ ಗುಂಯ್‌ಗುಡತೊಡಗಿತು. ಬಿಡಬೇಕಿತ್ತು ಅಲ್ವಾ? ಹದಿನೇಳರ ಹತ್ತಿರ ಹೋದಾಗ ಸದ್ದು ನಿಧಾನಕ್ಕೆ ಏರಿತು, ಗುಂಡಿನ ಅಂಚು ಮಂಜಾಗಿ ಕಂಡಿತು, ಒಂದೆರಡು ಉಸಿರಿನ ನಂತರ ಸಿಡಿದು ಆ ಹಿರಿಯರ ಬೂಟಿನ ಪಕ್ಕ ಉರುಳಿತು. ಅವರು ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟು, "P ಎಣಿಸಿದಿರಾ?" ಅಂತ ಮೆಲ್ಲಗೆ ಕೇಳಿದರು.

ಸಂಜೆ ಎಲ್ಲರೂ ಹೋದ ಮೇಲೆ ಎಣಿಸಿದೆ. ಪ್ಲಾಟ್ ಪ್ರಿಂಟನ್ನು ಥರ್ಮೋಕೋಲ್ ಮೇಲೆ ಅಂಟಿಸಿ, -1ರಲ್ಲಿ ಗುಂಡುಸೂಜಿ ಚುಚ್ಚಿ, ಅದಕ್ಕೆ ನೂಲು ಕಟ್ಟಿದೆ. ನೂಲಿನ ಇನ್ನೊಂದು ತುದಿ ಬೆರಳಲ್ಲಿ ಹಿಡಿದು ಕರ್ವ್ ಮೇಲೆ ಬಾಣದ ದಿಕ್ಕಿಗೆ ನಡೆಸಿದೆ. ಮೊದಲು ನೆಗೆಟಿವ್ ಫ್ರೀಕ್ವೆನ್ಸಿ, ಆಮೇಲೆ ಸೊನ್ನೆ, ಆಮೇಲೆ ಪಾಸಿಟಿವ್. K = 4ಕ್ಕೆ ನೂಲು ಸೂಜಿಯನ್ನು ಒಂದು ಸಲ ಸುತ್ತಿತು, ಗಡಿಯಾರದ ಉಲ್ಟಾ ದಿಕ್ಕಿಗೆ. ಸೀದಾ ದಿಕ್ಕಿನ ಸುತ್ತು ಪ್ಲಸ್ ಅಂತ ಇಟ್ಟರೆ N = -1. ಬಲಗಡೆ ಪೋಲ್ ಒಂದು, P = 1. ಕ್ಲೋಸ್ಡ್ ಲೂಪ್‌ನಲ್ಲಿ ಬಲಗಡೆ ಉಳಿಯುವ ಪೋಲ್‌ಗಳು Z = N + P, ಅಂದರೆ ಸೊನ್ನೆ. ಆ ಒಂದು ಉಲ್ಟಾ ಸುತ್ತೇ ಗುಂಡನ್ನು ಹಿಡಿದಿಟ್ಟಿತ್ತು. ನಾನು ಅದನ್ನೇ ಕಿತ್ತು ಹಾಕಿದ್ದೆ.

ಫ್ಲೆಕ್ಸ್‌ನ ಪ್ಲಾಟಿಗೆ ಅದೇ ಮಾಡಿದೆ. ನೂಲು ಅತ್ತ ಹೋಗಿ ಇತ್ತ ಬಂತು, ಸೂಜಿಗೆ ಸುತ್ತಲಿಲ್ಲ. N = 0, Z = 1. ಬಲಗಡೆ ಒಂದೇ ಪೋಲ್, ಅದೂ ರಿಯಲ್ ಆಕ್ಸಿಸ್ ಮೇಲೆ. ಕುಣಿಯದೆ ತೆಪ್ಪಗೆ ಒಂದು ಕಡೆ ಜಾರಿದ್ದು ಅದಕ್ಕೇ. K = 17ಕ್ಕೆ ಕರ್ವ್ ಆಕ್ಸಿಸ್ ದಾಟುವ ಜಾಗ -1ಕ್ಕಿಂತ ಎಡಕ್ಕೆ, -1.05ಕ್ಕೆ ಸರಿದಿತ್ತು. ಈ ಸಲ ನೂಲು ಸುತ್ತಿತು, ಆದರೆ ಸೀದಾ ದಿಕ್ಕಿಗೆ. N = 1, Z = 2. ಎರಡು ಪೋಲ್, ಜೋಡಿ, ಗುಂಯ್ ಅನ್ನುವಂಥವು. ಚಿತ್ರ ಮಾತ್ರ ನೋಡಿದರೆ 4 ಮತ್ತು 17 ಎರಡರಲ್ಲೂ '-1 ಸುತ್ತಿದೆ'. ದಿಕ್ಕು ನೋಡದಿದ್ದರೆ ಎರಡೂ ಒಂದೇ. ಪುಸ್ತಕಗಳೂ ಸಹಾಯ ಮಾಡಲ್ಲ: ಒಂದರಲ್ಲಿ ಸೀದಾ ದಿಕ್ಕು ಪ್ಲಸ್, ಇನ್ನೊಂದರಲ್ಲಿ ಉಲ್ಟಾ ದಿಕ್ಕು ಪ್ಲಸ್. ನಮ್ಮ ಹುಡುಗರು ಇದರ ದಿಕ್ಕು, ಅದರ ಸೂತ್ರ ತಗೊಂಡು ಬರೆಯುತ್ತಾರೆ. ಇನ್ನು ಮೇಲೆ ಅದಕ್ಕೆ ಮಾರ್ಕ್ಸ್ ಕತ್ತರಿಸುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ಗಡಿ ಎಲ್ಲಿ ಅಂತ ಕೈಲೆಕ್ಕ ಹಾಕಿದೆ. s/40 ಅನ್ನು u ಅಂತ ಬರೆದರೆ ಕ್ಯಾರೆಕ್ಟರಿಸ್ಟಿಕ್ ಸಮೀಕರಣ ಹೀಗೆ:

```
0.01u^3 + 0.19u^2 + 0.8u + (K - 1) = 0
```

ರೌತ್ ಪ್ರಕಾರ K 1ಕ್ಕಿಂತ ಜಾಸ್ತಿ, 16.2ಕ್ಕಿಂತ ಕಡಿಮೆ ಇರಬೇಕು. ಮೇಲಿನ ಗಡಿಯಲ್ಲಿ ಫ್ರೀಕ್ವೆನ್ಸಿ ಸೆಕೆಂಡಿಗೆ 358 ರೇಡಿಯನ್, ಅಂದರೆ 57 ಹರ್ಟ್ಸ್. ಹಿರಿಯರ ಮುಂದೆ ಕೇಳಿದ ಗುಂಯ್ ಅದೇ. ಅಕ್ಕಪಕ್ಕದವರು ಟ್ರಾನ್ಸ್‌ಫಾರ್ಮರ್ ಹಮ್ ಅಂತ ಭಾವಿಸಿರಬೇಕು, ನಾನೂ ಒಂದು ಕ್ಷಣ ಹಾಗೇ ಅಂದುಕೊಂಡಿದ್ದೆ.

ಕೆಳಗಿನ ಗಡಿ 1 ಅನ್ನೋದಕ್ಕೆ ಕಿಟ್ ಮುಂದೆ ನಿಂತರೆ ಅರ್ಥ ಸಿಗುತ್ತದೆ. ಗುಂಡು ಚೂರು ಕೆಳಗಿಳಿದರೆ ಅಯಸ್ಕಾಂತದ ಸೆಳೆತ ಒಂದಿಷ್ಟು ಸೋರಿಹೋಗುತ್ತದೆ. ಕಂಟ್ರೋಲರ್ ಕರೆಂಟ್ ಏರಿಸಿ ಕೊಡುವ ಸೆಳೆತ ಆ ಸೋರಿಕೆಗಿಂತ ಜಾಸ್ತಿ ಇರಲೇಬೇಕು. 0.8 ಅಂದರೆ ನೂರು ಸೋರಿದಾಗ ಎಂಬತ್ತು ತುಂಬಿದ ಹಾಗೆ. ಎಷ್ಟು ಹುಷಾರಾಗಿ ಬಿಟ್ಟರೂ ಬೀಳುತ್ತದೆ. ಕರ್ವ್ -K ಯಿಂದ ಶುರುವಾಗುತ್ತದಲ್ಲ, ಆ ಶುರುವಿನ ಬಿಂದು -1ರ ಎಡಕ್ಕಿರಬೇಕು ಅನ್ನುವುದರ ಅರ್ಥ ಇಷ್ಟೇ. ಇಂಥ ಪ್ಲಾಂಟಿಗೆ ಗೇನ್ ಮಾರ್ಜಿನ್ ಕೂಡ ಎರಡು, ಮೇಲೊಂದು, ಕೆಳಗೊಂದು. K = 4ರಲ್ಲಿ ನಾಲ್ಕು ಪಟ್ಟು ಏರಿಸಿದರೂ, ನಾಲ್ಕರಲ್ಲೊಂದು ಭಾಗಕ್ಕೆ ಇಳಿಸಿದರೂ ಹೆಚ್ಚು ಕಡಿಮೆ ಗಡಿ ಮುಟ್ಟುತ್ತದೆ. ಗೀಟು ಎಳೆದವರು ಯಾರೋ, ಎರಡೂ ಕಡೆ ಸಮ ಜಾಗ ಬಿಟ್ಟಿದ್ದರು.

ಇನ್ನೊಂದು ವಿಷಯ ಈಗಲೂ ಚುಚ್ಚುತ್ತದೆ. P ಎಷ್ಟು ಅಂತ ಪ್ಲಾಟ್ ನಿಮಗೆ ಹೇಳಲ್ಲ. ಅದು ಪ್ಲಾಂಟಿನಿಂದಲೇ ಬರಬೇಕು, ಪೋಲ್ ಎಣಿಸಿಯೋ, ಗುಂಡನ್ನು ಬಿಟ್ಟು ನೋಡಿಯೋ. ಕೈಬಿಟ್ಟ ಗುಂಡು ಕೆಳಗೆ ಬೀಳುತ್ತದೆ ಅಂತ ತಿಳಿಯಲು ಆಕ್ಟೇವ್ ಬೇಕಿರಲಿಲ್ಲ. ಬೆಳಗ್ಗೆ ಎರಡು ಸಲ ನನ್ನ ಕಣ್ಣೆದುರೇ ಬಿದ್ದು ತೋರಿಸಿತ್ತು.

ಮರುದಿನ ಅಟೆಂಡರ್ ಅಣ್ಣನಿಗೆ ಇನ್ನೆರಡು ಗೀಟು ಎಳೆಯಲು ಹೇಳಿದೆ, 1ಕ್ಕೊಂದು, 16ಕ್ಕೊಂದು. ಅಣ್ಣ ಕೆಂಪು ಮಾರ್ಕರ್ ತಂದು ಎಳೆದು, "ಇದ್ರ ಆಚಿ ಹೋಗ್ಬ್ಯಾಡ್ರಿ ಮತ್ತ" ಅಂದರು. ವಾರದ ಮೇಲೆ ಹೆಚ್‌ಒಡಿ ಸರ್ ಬಂದು ಪ್ಯಾನೆಲ್ ಗಲೀಜಾಗಿದೆ, ಒರೆಸಿಸಿ ಅಂದರು. ನಾವಿಬ್ಬರೂ ಆಯ್ತು ಸರ್ ಅಂದೆವು. ಗೀಟು ಇನ್ನೂ ಇದೆ.