ಒಂದೇ ಲಿಸ್ಟ್, ಐದು ಮೇಲ್

ನಾನು ಆಗ ಕೆಲಸ ಮಾಡುತ್ತಿದ್ದ ಕಂಪನಿಯ ಸಾಫ್ಟ್‌ವೇರ್ ಮಾಡುತ್ತಿದ್ದದ್ದು ಒಂದೇ ಕೆಲಸ. ಸಪ್ಲೈಯರ್ ಕಳಿಸಿದ ಬಿಲ್ ಬಂದಾಗಿನಿಂದ ದುಡ್ಡು ಕಟ್ಟುವ ತನಕ ಅದು ಯಾರ ಹತ್ತಿರ ನಿಂತಿದೆ ಅಂತ ತೋರಿಸುವುದು. ಇದನ್ನು ಮಾರಲು ನಮ್ಮ ಬಳಿ 620 ಜನರ ಪ್ರಾಸ್ಪೆಕ್ಟ್ ಲಿಸ್ಟ್ ಇತ್ತು. ಎಲ್ಲರಿಗೂ ಒಂದೇ ಮೇಲ್ ಕಳಿಸುವ ಯೋಜನೆ. ಆ ಮೇಲ್‌ನಲ್ಲಿ ನಾಲ್ಕು ಲಾಭಗಳಿದ್ದವು, ನಾಲ್ಕೂ ನಿಜವೇ. ಆದರೆ ಓದುವ ಪ್ರತಿಯೊಬ್ಬರಿಗೂ ಅದರಲ್ಲಿ ಮೂರು ಬೇಡವಾದ ಮಾತು. ಅದನ್ನು ಬೇರೆ ಬೇರೆ ವರ್ಷನ್ ಮಾಡೋಣ ಅಂತ ನಾನೂ ಸೇಲ್ಸ್‌ನ ಸಹೋದ್ಯೋಗಿಯೂ ಒಂದು ದಿನ ಪೂರ್ತಿ ಶೀಟ್ ಮುಂದೆ ಕೂತೆವು.

ಬೆಳಗ್ಗೆಯೆಲ್ಲ ಹೋದದ್ದು ಡೆಸಿಗ್ನೇಷನ್ ಕಾಲಂಗೆ. ಒಂದೇ ಕೆಲಸಕ್ಕೆ ಜನ ಎಷ್ಟು ಹೆಸರು ಇಟ್ಟುಕೊಳ್ಳುತ್ತಾರೆ ಅಂತ ನೋಡಬೇಕಾದರೆ ಇಂಥ ಲಿಸ್ಟ್ ತೆರೆಯಬೇಕು. ಫೈನಾನ್ಸ್ ಹೆಡ್, ವಿಪಿ ಫೈನಾನ್ಸ್, ಸಿಎಫ್‌ಒ, ಫೈನಾನ್ಶಿಯಲ್ ಕಂಟ್ರೋಲರ್, ಇವೆಲ್ಲ ನಮ್ಮ ಲೆಕ್ಕಕ್ಕೆ ಒಂದೇ ಪಾತ್ರ. ಆದರೆ ಡಾಕ್ಯುಮೆಂಟ್ ಕಂಟ್ರೋಲರ್ ಅಂದರೆ ಕಡತ ನೋಡಿಕೊಳ್ಳುವವರು, ಅವರಿಗೂ ದುಡ್ಡಿಗೂ ಸಂಬಂಧವಿಲ್ಲ. 'ಕಂಟ್ರೋಲರ್' ಅಂತ ಹುಡುಕಿದರೆ ಇಬ್ಬರೂ ಒಟ್ಟಿಗೇ ಬರುತ್ತಾರೆ. ಇದಕ್ಕಿಂತ ಮಜವಾದದ್ದು ಮೂರಕ್ಷರದ ಹುದ್ದೆಗಳು. `cto` ಅಂತ ಹುಡುಕಿದರೆ ಎಲ್ಲ `Director`ಗಳೂ ಸಿಗುತ್ತಾರೆ, ಆ ಪದದ ಒಳಗೇ ಈ ಮೂರು ಅಕ್ಷರ ಇವೆ. `coo` ಅಂದರೆ `Coordinator`ಗಳ ಸಾಲು. ಅದಕ್ಕೇ ಪದದ ಎರಡೂ ತುದಿ ನೋಡುವ ಫಾರ್ಮುಲಾ ಬೇಕು. ಐಟಿಯವರನ್ನು ಹುಡುಕಲು ಗೂಗಲ್ ಶೀಟ್ಸ್‌ನಲ್ಲಿ ನಾವು ಹಾಕಿದ್ದು ಇದು:

```
=REGEXMATCH(LOWER(C2), "\b(cto|it head|it manager)\b")
```

ಫಾರ್ಮುಲಾ ಮುಗಿದ ಮೇಲೂ ಕಣ್ಣಿನ ಕೆಲಸ ಉಳಿಯುತ್ತದೆ. ಬರೀ 'ಡೈರೆಕ್ಟರ್' ಅಂತ ಇದ್ದರೆ ಏನರ್ಥ? ಇಪ್ಪತ್ತು ಜನರ ಕಂಪನಿಯಲ್ಲಿ ಅವರು ಮಾಲೀಕರು, ಬಿಲ್ ಅಪ್ರೂವ್ ಮಾಡುವುದೂ ಅವರೇ, ಚೆಕ್‌ಗೆ ಸಹಿ ಹಾಕುವುದೂ ಅವರೇ. ಎರಡು ಸಾವಿರ ಜನರ ಕಂಪನಿಯಲ್ಲಿ ಅವರು ಯಾವ ವಿಭಾಗದವರೂ ಆಗಿರಬಹುದು. ಹಾಗಾಗಿ ಡೆಸಿಗ್ನೇಷನ್ ಜೊತೆ ಕಂಪನಿಯ ಗಾತ್ರವನ್ನೂ ನೋಡಿ ಪಾತ್ರ ಬರೆದೆವು. ಕೊನೆಗೆ ಉಳಿದದ್ದು ಫೈನಾನ್ಸ್ ಮುಖ್ಯಸ್ಥರು 140, ಅಕೌಂಟ್ಸ್ ನಡೆಸುವವರು 210, ಪರ್ಚೇಸ್ 150, ಐಟಿ 70. ಇನ್ನುಳಿದ 50 ಜನ ಎಲ್ಲೂ ಸೇರಲಿಲ್ಲ, ಅವರನ್ನು ಕ್ಯಾಂಪೇನ್‌ನಿಂದಲೇ ಬಿಟ್ಟೆವು.

ಪಾತ್ರ ಗೊತ್ತಾದರೆ ಅವರ ಕೆಲಸದ ನೋವು ಗೊತ್ತಾದಂತೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅಲ್ಲ. ಒಬ್ಬ ಅಕೌಂಟ್ಸ್ ಮ್ಯಾನೇಜರ್‌ಗೆ ಅಪ್ರೂವಲ್‌ಗಾಗಿ ಜನರ ಹಿಂದೆ ಬೀಳುವುದೇ ತಲೆನೋವು, ಇನ್ನೊಬ್ಬರಿಗೆ ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗುವ ಭಯ. ಇದು ಡೆಸಿಗ್ನೇಷನ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಶೀಟ್‌ನಲ್ಲಿ ನೋವಿನ ಕಾಲಂ ಪಕ್ಕ ಇನ್ನೊಂದು ಕಾಲಂ ಹಾಕಿದೆವು: 'ಇದು ನಮಗೆ ಹೇಗೆ ಗೊತ್ತು?' ಅಲ್ಲಿ ಮೂರೇ ಉತ್ತರ. ಅವರೇ ಹೇಳಿದ್ದು, ನಾವು ಊಹಿಸಿದ್ದು, ಗೊತ್ತಿಲ್ಲ. ಹಳೆಯ ಕಾಲ್‌ಗಳ ಟಿಪ್ಪಣಿ, ಕೈತಪ್ಪಿದ ಡೀಲ್‌ಗಳ ಕಾರಣ, ಡೆಮೊ ಫಾರ್ಮ್‌ನಲ್ಲಿ ಅವರು ಬರೆದ ಸಾಲು, ಇವು ಮೊದಲನೆಯ ಗುಂಪು. ಅವರ ಕಂಪನಿ ಬಿಲ್ ಎಂಟ್ರಿಗೆ ಜನ ಬೇಕು ಅಂತ ಜಾಹೀರಾತು ಕೊಟ್ಟಿದ್ದರೆ ಅದು ಊಹೆ. ಅರ್ಧಕ್ಕಿಂತ ಜಾಸ್ತಿ ಜನರ ಮುಂದೆ 'ಗೊತ್ತಿಲ್ಲ' ಬಂತು. ಆ ಕಾಲಂ ನೋಡಿ ಸಹೋದ್ಯೋಗಿಯ ಮುಖ ಸಪ್ಪಗಾಯಿತು. "ಇಷ್ಟೊಂದು ಜನರ ಬಗ್ಗೆ ನಮಗೆ ಏನೂ ಗೊತ್ತಿಲ್ವಾ?" ಅಂದರು. ನನಗಂತೂ ಅದೇ ದಿನದ ಒಳ್ಳೆಯ ಸುದ್ದಿ. ಗೊತ್ತಿಲ್ಲದವರ ನೋವನ್ನು ಗೊತ್ತಿರುವ ಹಾಗೆ ಬರೆದ ಮೇಲ್ ಎಲ್ಲಕ್ಕಿಂತ ಕೆಟ್ಟದ್ದು.

ನಾಲ್ಕು ಪಾತ್ರ, ನಾಲ್ಕು ನೋವು, ಹದಿನಾರು ಮನೆ. ಹದಿನಾರು ಮೇಲ್ ಬರೆಯುವುದು ಹುಚ್ಚುತನ. ನಾವು ಇಟ್ಟುಕೊಂಡ ಪರೀಕ್ಷೆ ಸುಲಭದ್ದು: ಎರಡು ಗುಂಪುಗಳ ಮೇಲ್ ಅದಲು ಬದಲು ಮಾಡಿದರೆ ಓದುವವರಿಗೆ ಗೊತ್ತಾಗುತ್ತದಾ? ಗೊತ್ತಾಗದಿದ್ದರೆ ಅವೆರಡೂ ಒಂದೇ ಗುಂಪು. ಪರ್ಚೇಸ್‌ನವರ ಮಾತೆಲ್ಲ ಒಂದೇ ಆಗಿತ್ತು, 'ನಮ್ಮ ದುಡ್ಡು ಯಾವಾಗ' ಅಂತ ಸಪ್ಲೈಯರ್‌ಗಳ ಫೋನ್. ಅವರಿಗೆ ಒಂದೇ ವರ್ಷನ್ ಸಾಕಾಯಿತು. ಐಟಿಯವರಿಗೆ ಬಿಲ್‌ನ ನೋವೇ ಇರಲಿಲ್ಲ, ಇದ್ದದ್ದು ಕಂಪನಿಯ ಲೆಕ್ಕ, ಖರೀದಿಯೆಲ್ಲ ನಡೆಸುವ, ಈಗಿರುವ ಇಆರ್‌ಪಿಗೆ ಇನ್ನೊಂದು ಸಾಫ್ಟ್‌ವೇರ್ ಜೋಡಿಸುವ ಅಳುಕು. ಅವರ ಮೇಲ್‌ನಲ್ಲಿ ಆ ಜೋಡಣೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಎರಡು ಸಲ ದುಡ್ಡು ಹೋಗಿದೆ ಅಂತ ತಾವೇ ಹೇಳಿದ್ದವರು 24 ಜನ. ಅವರಿಗೆ ಕ್ಯಾಂಪೇನ್ ಬೇಡ, ಫೋನ್ ಮಾಡಿ ಅಂತ ಸೇಲ್ಸ್‌ಗೆ ಕೊಟ್ಟೆವು.

ಹೀಗೆ ಐದು ವರ್ಷನ್ ಉಳಿದವು. ಫೈನಾನ್ಸ್ ಮುಖ್ಯಸ್ಥರಿಗೆ ಹೋದ ಮೇಲ್‌ನ ಮೊದಲ ಸಾಲು ಹೀಗಿತ್ತು: 'ತಿಂಗಳ ಲೆಕ್ಕ ಮುಗಿಸುವ ಹೊತ್ತಿಗೆ, ಇನ್ನೂ ಎಂಟ್ರಿಯಾಗದ ಬಿಲ್ ಎಷ್ಟಿವೆ ಅಂತ ಯಾರನ್ನು ಕೇಳುತ್ತೀರಿ?' ಅಕೌಂಟ್ಸ್‌ಗೆ: 'ಅಪ್ರೂವಲ್ ಬಂತಾ ಅಂತ ನೆನಪಿಸುವ ಮೇಲ್ ಇವತ್ತು ಎಷ್ಟು ಕಳಿಸಿದಿರಿ?' ಬದಲಾದದ್ದು ಸಬ್ಜೆಕ್ಟ್ ಲೈನ್, ಮೊದಲ ಎರಡು ಸಾಲು, ಒಂದು ಉದಾಹರಣೆ, ಆಮೇಲೆ ಕೊನೆಯಲ್ಲಿ ಕೇಳುವ ಕೆಲಸ. ಈ ಕೊನೆಯದನ್ನು ಬಹಳ ಜನ ಬದಲಿಸುವುದಿಲ್ಲ. ಅಕೌಂಟ್ಸ್ ಮ್ಯಾನೇಜರ್ ಖರೀದಿಗೆ ಸಹಿ ಹಾಕಲಾರರು, ಅವರನ್ನು ಮೀಟಿಂಗ್‌ಗೆ ಕರೆದು ಏನು ಪ್ರಯೋಜನ? ಅವರಿಗೆ ಮೇಲಿನವರಿಗೆ ಫಾರ್ವರ್ಡ್ ಮಾಡಬಹುದಾದ ಒಂದು ಪುಟ ಕೊಟ್ಟೆವು. ನೋವು ಗೊತ್ತಿಲ್ಲದ ಫೈನಾನ್ಸ್, ಅಕೌಂಟ್ಸ್ ಜನರಿಗೆ ಐದನೆಯದು. ಅದರಲ್ಲಿ ಮಾರಾಟದ ಮಾತೇ ಇಲ್ಲ. ಮೂರು ತೊಂದರೆ ಬರೆದು, ನಿಮ್ಮಲ್ಲಿ ಯಾವುದು ಜಾಸ್ತಿ, ಸುಮ್ನೆ ನಂಬರ್ ಕಳಿಸಿ ಅಂತ ಕೇಳಿದೆವು. ಬಂದ ನಂಬರ್ ನೇರ ನೋವಿನ ಕಾಲಂಗೆ ಹೋಯಿತು, 'ಅವರೇ ಹೇಳಿದ್ದು' ಅಂತ.

ಕಳಿಸುವ ಮೊದಲು ಎರಡು ಕಡೆ ಗಮನ ಇಟ್ಟೆವು. ಒಬ್ಬರು ಎರಡು ಗುಂಪಿಗೆ ಸೇರುತ್ತಿದ್ದರೆ ಎರಡೂ ಮೇಲ್ ಹೋಗಿಬಿಡುತ್ತದೆ. ಅದಕ್ಕೆ ಮೇಲ್ ಟೂಲ್‌ನಲ್ಲಿ ಫಿಲ್ಟರ್ ಮೇಲೆ ಫಿಲ್ಟರ್ ಹಾಕದೆ, ಶೀಟ್‌ನಲ್ಲೇ 'ವರ್ಷನ್' ಅಂತ ಒಂದು ಕಾಲಂ ಮಾಡಿ ಪ್ರತಿಯೊಬ್ಬರ ಮುಂದೆ ಒಂದೇ ಹೆಸರು ಬರೆದೆವು. ಎರಡು ನೋವಿದ್ದರೆ ಅವರೇ ತೀರ ಈಚೆಗೆ ಹೇಳಿದ್ದು ಗೆಲ್ಲುತ್ತದೆ. ಇನ್ನೊಂದು, ಒಂದೇ ಕಂಪನಿಯ ಮೂವರಿಗೆ ಮೂರು ಮೇಲ್ ಹೋಗುತ್ತದೆ, ಅವರು ಅಕ್ಕಪಕ್ಕ ಕೂತಿರುತ್ತಾರೆ. ಫೈನಾನ್ಸ್ ಮುಖ್ಯಸ್ಥರ ಡ್ರಾಫ್ಟ್‌ನಲ್ಲಿ 'ಕಡಿಮೆ ಜನ ಸಾಕು' ಅಂತಿತ್ತು, ಅಕೌಂಟ್ಸ್‌ನದರಲ್ಲಿ 'ನಿಮ್ಮ ಕೆಲಸ ಹಗುರ'. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮ್ಯಾನೇಜರ್ ನಮ್ಮ ಪರ ನಿಲ್ಲುತ್ತಾರಾ? ಮೊದಲನೆಯದನ್ನು ತೆಗೆದೆವು.

ಫಲಿತಾಂಶ ನೋಡುವಾಗ ಎಷ್ಟು ಜನ ಮೇಲ್ ತೆರೆದರು ಅಂತ ಹೇಳುವ ಓಪನ್ ರೇಟ್ ನಂಬಲಿಲ್ಲ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಪ್ರೈವಸಿ ರಕ್ಷಣೆ ತಂದ ಮೇಲೆ, ಓದದ ಮೇಲ್ ಕೂಡ ತೆರೆದಂತೆ ಲೆಕ್ಕಕ್ಕೆ ಬರಬಹುದು. ಎಪ್ಪತ್ತು ಜನರ ಗುಂಪಿನಲ್ಲಿ ಎರಡು ಉತ್ತರಕ್ಕೂ ನಾಲ್ಕು ಉತ್ತರಕ್ಕೂ ಇರುವ ವ್ಯತ್ಯಾಸದಿಂದಲೂ ಏನೂ ಹೇಳಲಾಗದು. ಅದಕ್ಕೆ ಉತ್ತರಗಳನ್ನು ಎಣಿಸುವುದಕ್ಕಿಂತ ಓದಿದೆವು. 'ಇದು ನನ್ನ ವಿಭಾಗವಲ್ಲ' ಅಂದರೆ ಪಾತ್ರ ತಪ್ಪಿದೆ. 'ಇದು ನಮಗೆ ಸಮಸ್ಯೆಯೇ ಅಲ್ಲ' ಅಂದರೆ ಪಾತ್ರ ಸರಿ, ನೋವು ತಪ್ಪು. ಮೊದಲನೇ ಥರದ ಉತ್ತರ ಹೆಚ್ಚು ಬಂದದ್ದು ಪರ್ಚೇಸ್ ಗುಂಪಿನಿಂದ. ದೊಡ್ಡ ಕಂಪನಿಗಳಲ್ಲಿ ಪೇಮೆಂಟ್ ಕೇಳಿ ಬರುವ ಫೋನ್ ಅಕೌಂಟ್ಸ್‌ಗೇ ಹೋಗುತ್ತದಂತೆ. ಮುಂದಿನ ಸುತ್ತಿಗೆ ಆ ಗಾತ್ರದ ಕಂಪನಿಗಳ ಪರ್ಚೇಸ್‌ನವರನ್ನು ಪಟ್ಟಿಯಿಂದ ತೆಗೆದು, ಸಪ್ಲೈಯರ್ ಫೋನ್‌ನ ಆ ಮೇಲ್ ಅನ್ನು ಅಲ್ಲಿನ ಅಕೌಂಟ್ಸ್ ಮ್ಯಾನೇಜರ್‌ಗಳಿಗೆ ಕಳಿಸಿದೆವು.