ಎರಡನೇ ಭೇಟಿಯ ಪ್ರಶ್ನೆ

ಈ ವಾರ ನಮ್ಮ ಹೊಸ ಕ್ಷೌರದಂಗಡಿಗೆ ಎರಡನೇ ಸಲ ಬಂದಿದ್ದ ಗಿರಾಕಿಯೊಬ್ಬರು ಕುರ್ಚಿಯಿಂದ ಏಳುತ್ತಾ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. ಕನ್ನಡಿಯಲ್ಲಿ ಹಿಂಗತ್ತನ್ನು ನೋಡಿಕೊಂಡು ತಲೆದೂಗಿದ ಅವರು, "ಕೆಲಸ ಚೆನ್ನಾಗಿದೆ. ಆದರೆ ಆ ಹಳೆಯ ಅಂಗಡಿಯಲ್ಲಿ ಕೂತರೆ ಸಾಕು, ನಾನು ಬಾಯಿ ಬಿಡಬೇಕಾಗಿಲ್ಲ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಆ ಮಾತು ಹೆಚ್ಚು ನಾಟಿತು.

ಹೊಸದಾಗಿ ಕ್ಷೌರದಂಗಡಿ ತೆರೆಯುವವರು ಹಳೆಯ ಅಂಗಡಿಗಿಂತ ಬೇರೆಯಾಗಿ ಕಾಣಲು ಸಾಮಾನ್ಯವಾಗಿ ಕುರ್ಚಿ, ದೀಪ ಮತ್ತು ಗೋಡೆಯ ಬಣ್ಣಕ್ಕೆ ಹಣ ಸುರಿಯುತ್ತಾರೆ. ಅವೆಲ್ಲ ಮೊದಲ ಸಲ ಜನರನ್ನು ಒಳಗೆ ಕರೆತರುತ್ತವೆ, ಅಷ್ಟೇ. ನಾವು ಬೇರೆ ದಾರಿ ಹಿಡಿದು, ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಗಿರಾಕಿಯೊಡನೆ ಐದು ನಿಮಿಷ ಮಾತನಾಡುವುದನ್ನೇ ನಮ್ಮ ಗುರುತಾಗಿಸಿಕೊಂಡೆವು. ಮೊದಲ ಭೇಟಿಯಲ್ಲಿ ಈ ಮಾತುಕತೆ ನಿಜಕ್ಕೂ ಗೌರವವೆನಿಸುತ್ತದೆ. ಎರಡನೇ ಭೇಟಿಯಲ್ಲೂ ಅವೇ ಪ್ರಶ್ನೆಗಳು ಬಂದರೆ, "ಇವರಿಗೆ ನನ್ನ ನೆನಪೇ ಇಲ್ಲ" ಎಂಬುದೊಂದೇ ಗಿರಾಕಿಗೆ ತಿಳಿಯುತ್ತದೆ. ನಮ್ಮ ಹುಡುಗ ಒಳ್ಳೆಯ ಕೆಲಸಗಾರ, ಕೂದಲನ್ನು ಮೇಲಿನಿಂದ ಕೆಳಗೆ ಹಂತಹಂತವಾಗಿ ಗಿಡ್ಡ ಮಾಡುವ ಫೇಡ್‌ನಲ್ಲಿ ಅವನ ಕೈ ಬಹಳ ನಯ. ಆದರೆ ಪ್ರಶ್ನೆಗಳನ್ನು ಪಾಠ ಒಪ್ಪಿಸುವವನಂತೆ ಕೇಳುತ್ತಾನೆ.

ಹಳೆಯ ಅಂಗಡಿಯ ಯಜಮಾನರು ಮಾರುವುದು ತಮ್ಮ ನೆನಪನ್ನು. ಈ ಗಿರಾಕಿಯ ನೆತ್ತಿಯ ಹಿಂದೆ ಎರಡು ಸುಳಿಗಳಿವೆ. ಸುಳಿಯ ಬಳಿ ಕೂದಲು ಬೇರೆ ಬೇರೆ ದಿಕ್ಕಿಗೆ ಹುಟ್ಟುವುದರಿಂದ, ಅದನ್ನು ಅರೆಬರೆ ಗಿಡ್ಡವಾಗಿ ಕತ್ತರಿಸಿದರೆ ಒರಗದೆ ನೆಟ್ಟಗೆ ನಿಲ್ಲುತ್ತದೆ. ಒಂದೋ ತೀರಾ ಗಿಡ್ಡ ಮಾಡಬೇಕು, ಇಲ್ಲವೇ ತನ್ನ ಭಾರಕ್ಕೆ ತಾನೇ ಒರಗುವಷ್ಟು ಉದ್ದ ಬಿಡಬೇಕು. ಆ ಯಜಮಾನರು ಯಾರನ್ನೂ ಕೇಳದೆ ಅಲ್ಲಿ ಉದ್ದ ಬಿಡುತ್ತಾ ಬಂದಿದ್ದಾರೆ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ತಿಳಿವಳಿಕೆ ಅವರೊಬ್ಬರ ತಲೆಯಲ್ಲಿದೆ. ಅವರು ಬಾರದ ದಿನ ಪಕ್ಕದ ಕುರ್ಚಿಯವರಿಗೆ ಅದು ದೊರೆಯುವುದಿಲ್ಲ.

ಹೊಸ ಅಂಗಡಿಗೆ ಇರುವ ಅವಕಾಶ ಇಲ್ಲೇ ಎಂದು ನನಗೆ ಅನ್ನಿಸಿತು. ನೆನಪನ್ನು ಬರಹಕ್ಕೆ ಇಳಿಸಿದರೆ ಅದು ಇಡೀ ಅಂಗಡಿಯ ಸ್ವತ್ತಾಗುತ್ತದೆ. ಈಗ ಪ್ರತಿ ಗಿರಾಕಿಗೂ ಒಂದು ಚೀಟಿ ಇಟ್ಟಿದ್ದೇವೆ. ಈ ಗಿರಾಕಿಯ ಚೀಟಿಯಲ್ಲಿ ಹೀಗಿದೆ: ಪಕ್ಕದಲ್ಲಿ ಉದ್ದ ನಿಗದಿಪಡಿಸಲು ಮೆಷಿನ್ನಿಗೆ ಸಿಕ್ಕಿಸುವ ಎರಡನೇ ನಂಬರಿನ ಗಾರ್ಡ್, ಮೇಲೆ ಕತ್ತರಿ, ಸುಳಿಯ ಬಳಿ ಮೆಷಿನ್ ಬೇಡ, ಕತ್ತಿನ ಗೆರೆ ಚೌಕವಾಗಿರದೆ ಕೆಳಗೆ ಮಾಸುತ್ತಾ ಹೋಗಲಿ, ರೇಜರ್ ತಗುಲಿದರೆ ಚರ್ಮ ಕೆಂಪಾಗುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ.

ಗಾರ್ಡಿನ ನಂಬರು ಮತ್ತು ದಿನಾಂಕ ಇವೆರಡೇ ಇದ್ದರೂ ಬಹಳ ಉಪಯೋಗವಿದೆ. ಎರಡನೇ ನಂಬರು ಸುಮಾರು 6 ಮಿಲಿಮೀಟರ್ ಕೂದಲು ಉಳಿಸುತ್ತದೆ. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಮೂರು ವಾರ ಬಿಟ್ಟು ಬಂದವರ ಪಕ್ಕದ ಕೂದಲು 13 ಮಿಲಿಮೀಟರಿನ ಆಸುಪಾಸಿಗೆ, ಅಂದರೆ ನಾಲ್ಕನೇ ನಂಬರಿನ ಉದ್ದಕ್ಕೆ ಬಂದಿರುತ್ತದೆ. ಆಗ ಅವರು "ಸ್ವಲ್ಪ ಕಡಿಮೆ ಮಾಡಿ" ಎಂದರೆ ಕಳೆದ ಸಲದ ಉದ್ದವೇ ಬೇಕೇ ಅಥವಾ ಈಗಿರುವುದರಲ್ಲಿ ಸ್ವಲ್ಪವೇ ಎಂಬುದು ಚೀಟಿಯಿಲ್ಲದೆ ತಿಳಿಯದು, ಮತ್ತು ಗಿರಾಕಿ ತಿರುಗಿ ಬಾರದಿರಲು ಬಹಳ ಸಲ ಈ ಒಂದು ತಪ್ಪು ಊಹೆಯೇ ಸಾಕಾಗುತ್ತದೆ.

ಅದಕ್ಕಾಗಿ ಎರಡನೇ ಸಲ ಬಂದವರಿಗೆ ಹುಡುಗ ಕೇಳಬೇಕಾದ ಪ್ರಶ್ನೆಯನ್ನೂ ಬದಲಿಸಿದೆವು. "ಹೇಗೆ ಬೇಕು ಸರ್?" ಎನ್ನುವುದನ್ನು ಬಿಟ್ಟು, "ಕಳೆದ ಸಲ ಪಕ್ಕಕ್ಕೆ ಎರಡನೇ ನಂಬರು ಹಾಕಿದ್ದೆವು, ಹಾಗೇ ಇರಲಾ ಸರ್, ಏನಾದರೂ ಬದಲಿಸಲಾ?" ಎಂದು ಕೇಳುತ್ತಾನೆ. ಹಳೆಯ ಅಂಗಡಿ ಅಷ್ಟಾಗಿ ಕೊಡದ ಒಂದು ಸಂಗತಿ ಈ ಪ್ರಶ್ನೆಯ ಕೊನೆಯಲ್ಲಿದೆ. ಅಲ್ಲಿ ನೆನಪು ಗಟ್ಟಿಯಾಗಿರುವುದರಿಂದಲೇ ಮನುಷ್ಯ ವರ್ಷಗಟ್ಟಲೆ ಒಂದೇ ಕಟಿಂಗಿನಲ್ಲಿ ಉಳಿದುಬಿಡುತ್ತಾನೆ. ಬರೆದಿಟ್ಟುಕೊಂಡವರು ಒಂದನ್ನು ಮಾತ್ರ ಬದಲಿಸಿ ನೋಡಬಹುದು, ಹಿಡಿಸದಿದ್ದರೆ ಮುಂದಿನ ಸಲ ಹಳೆಯದಕ್ಕೇ ಮರಳಬಹುದು.

ಇದು ಫಲಿಸುತ್ತಿದೆಯೇ ಎಂಬುದು ರಜಾದಿನದ ಸಾಲನ್ನು ನೋಡಿದರೆ ತಿಳಿಯುವುದಿಲ್ಲ. ಮೊದಲ ಸಲ ಬಂದವರಲ್ಲಿ ಆರು ವಾರದೊಳಗೆ ಮರಳಿದವರೆಷ್ಟು, ಅವರಲ್ಲಿ ಬೇರೆಯವರ ಕುರ್ಚಿಗೂ ಹಿಂಜರಿಯದೆ ಕೂತವರೆಷ್ಟು ಎಂಬುದನ್ನು ಎಣಿಸಬೇಕು. ಎರಡನೆಯ ಲೆಕ್ಕವೇ ನನಗೆ ಮುಖ್ಯ, ಏಕೆಂದರೆ ಜನ ಒಬ್ಬ ಕೆಲಸಗಾರನನ್ನು ಮಾತ್ರ ಹುಡುಕಿಕೊಂಡು ಬರುತ್ತಿದ್ದರೆ ಅವನು ಬಿಟ್ಟುಹೋಗುವ ದಿನ ಅವರೂ ಹೋಗುತ್ತಾರೆ. ಚೀಟಿ ಬರೆಯುವ ಹೊತ್ತಿನ ಬಗ್ಗೆ ಮಾತ್ರ ನಾನು ಹಠ ಹಿಡಿದಿದ್ದೇನೆ: ಗಿರಾಕಿಯ ಕೊರಳಿನ ಬಟ್ಟೆ ಬಿಚ್ಚುವ ಮೊದಲೇ ಅದು ಮುಗಿದಿರಬೇಕು. ರಾತ್ರಿ ಅಂಗಡಿ ಮುಚ್ಚುವಾಗ ನೆನಪಿನಿಂದ ಬರೆದರೆ ಒಬ್ಬರ ಸುಳಿ ಇನ್ನೊಬ್ಬರ ಚೀಟಿಗೆ ಹೋಗಿಬಿಡುತ್ತದೆ.