300 ಮಿಲಿಗ್ರಾಂ ಜಾಸ್ತಿಯಾಯಿತು

ಜುಲೈ 16, 2025, ಬುಧವಾರ, ಬೆಂಗಳೂರು

ವಾರ್ಡಿನ ಅಜ್ಜನ ವೊರಿಕೊನಝೋಲ್ ವರದಿ ಇವತ್ತು ಬಂತು: 6.4. ಶ್ವಾಸಕೋಶದೊಳಕ್ಕೆ ಇಳಿದ ಆಸ್ಪರ್ಜಿಲಸ್ ಶಿಲೀಂಧ್ರಕ್ಕೆ ಈ ಔಷಧ ಕೊಡುವಾಗ, ಮುಂದಿನ ಮಾತ್ರೆಗೆ ಸ್ವಲ್ಪ ಮುಂಚೆ ತೆಗೆದ ರಕ್ತದಲ್ಲಿ ಪ್ರತಿ ಲೀಟರಿಗೆ 1ರಿಂದ 5.5 ಮಿಲಿಗ್ರಾಂ ಇರಬೇಕು ಅಂತ ನೋಡುತ್ತೇವೆ. ಕಡಿಮೆಯಾದರೆ ಶಿಲೀಂಧ್ರ ಬಗ್ಗುವುದಿಲ್ಲ, ಜಾಸ್ತಿಯಾದರೆ ತಲೆ ಮತ್ತು ಲಿವರ್‌ಗೆ ತೊಂದರೆ.

ಕಳೆದ ವಾರ ಇದೇ ಅಜ್ಜನಿಗೆ 0.8 ಇತ್ತು. ಆಗ 200 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು ಸಲ. ವಿಚಾರಿಸಿದಾಗ ಸೊಸೆ, "ಹೊಟ್ಟೆ ಉರಿಯುತ್ತೆ ಅಂತ ತಿಂಡಿ ಜೊತೆಗೇ ಕೊಡ್ತೀನಿ ಮೇಡಂ" ಅಂದರು. ಊಟದ ಜೊತೆ, ಅದರಲ್ಲೂ ಎಣ್ಣೆ-ತುಪ್ಪದ ತಿಂಡಿಯ ಜೊತೆ, ಈ ಮಾತ್ರೆ ಪೂರ್ತಿ ಹೀರಿಕೊಳ್ಳುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ನಂತರ ಕೊಡಬೇಕು. ಆ ಸಮಯ ಬದಲಾಯಿಸಿದೆವು, ಜೊತೆಗೆ ಡೋಸನ್ನೂ 300ಕ್ಕೆ ಏರಿಸಿದೆವು. ರೋಗ ಜೋರಾಗಿತ್ತು, ಸಮಯವಷ್ಟೇ ಬದಲಿಸಿ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಔಷಧದ ಸ್ವಭಾವವೇ ಬೇರೆ. ಇದನ್ನು ಒಡೆಯುವ ಲಿವರ್ ಕಿಣ್ವಕ್ಕೆ ಒಂದು ಮಿತಿ ಇದೆ. ಆ ಮಿತಿ ತುಂಬಿದ ಮೇಲೆ, ಬಸ್ ಸ್ಟ್ಯಾಂಡಿನ ಕ್ಯೂ ಥರ, ಸ್ವಲ್ಪ ಜನ ಜಾಸ್ತಿಯಾದರೂ ಸಾಲು ಸಿಕ್ಕಾಪಟ್ಟೆ ಬೆಳೆಯುತ್ತದೆ. 200ರಿಂದ 300ಕ್ಕೆ ಹೋದರೆ ಡೋಸ್ ಏರುವುದು ಒಂದೂವರೆ ಪಟ್ಟು, ದೇಹಕ್ಕೆ ಸಿಗುವ ಔಷಧ ಸರಾಸರಿ ಎರಡೂವರೆ ಪಟ್ಟು. ಅದರ ಮೇಲೆ ಆ ಕಿಣ್ವದ ಜೀನ್‌ನಲ್ಲಿ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸ ಬೇರೆ. ನಿಧಾನಕ್ಕೆ ಒಡೆಯುವವರು ಏಷ್ಯಾದವರಲ್ಲಿ ಯುರೋಪಿನವರಿಗಿಂತ ಜಾಸ್ತಿ.

6.4 ನಂಬುವ ಮುಂಚೆ ರಕ್ತ ತೆಗೆದ ಸಮಯ ನೋಡಿದೆ. ಸೋಮವಾರ ಬೆಳಿಗ್ಗೆ 7.40ಕ್ಕೆ ರಕ್ತ, 8.15ಕ್ಕೆ ಮಾತ್ರೆ. ಸರಿಯಾಗಿದೆ. ಮಾತ್ರೆ ನುಂಗಿದ ಮೇಲೆ ತೆಗೆದ ರಕ್ತವಾಗಿದ್ದರೆ ಈ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ. ಜ್ವರ ಇಲ್ಲ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿಯೂ ಏರಿಲ್ಲ. ಉರಿಯೂತ ಜೋರಿದ್ದರೂ ಈ ಮಟ್ಟ ಏರುತ್ತದೆ, ಅದಕ್ಕೇ ಅದನ್ನೂ ನೋಡುವುದು. ಹೊಸ ಔಷಧವೂ ಸೇರಿಲ್ಲ.

ಸೊಸೆಯ ಮಾತು ಅಂಕಿಗೆ ಹೊಂದುತ್ತಿತ್ತು. "ರಾತ್ರಿಯೆಲ್ಲ ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅಂತಾರೆ ಮಾವ." ಮಾತ್ರೆ ತೆಗೆದುಕೊಂಡ ಅರ್ಧ ಗಂಟೆಯೊಳಗೆ ಬೆಳಕು ಚುಚ್ಚುವುದು, ಬಣ್ಣ ಬೇರೆ ಕಾಣುವುದು ಸಾಮಾನ್ಯ, ತಾನಾಗೇ ಹೋಗುತ್ತದೆ. ಇಲ್ಲದವರು ಕಾಣಿಸುವುದು ಹಾಗಲ್ಲ, ಅದು ಮಟ್ಟ ಏರಿದ್ದರ ಗುರುತು. ಲಿವರ್ ಪರೀಕ್ಷೆಯೂ ಸ್ವಲ್ಪ ಮೇಲಿದೆ.

ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿದೆವು: ಇವತ್ತು ರಾತ್ರಿಯ ಮಾತ್ರೆ ಬೇಡ. ನಾಳೆ ಬೆಳಿಗ್ಗೆಯಿಂದ 250, ಅಂದರೆ ಒಂದು 200 ಮತ್ತು ಒಂದು 50. ಮತ್ತೆ 200ಕ್ಕೆ ಇಳಿಸೋಣ ಅಂದರು ಒಬ್ಬರು. ಖಾಲಿ ಹೊಟ್ಟೆಗೆ 200 ಸಾಕಾಗಲೂಬಹುದು, ಆದರೆ ಸಾಕಾಗದಿದ್ದರೆ ನಮಗೆ ಗೊತ್ತಾಗುವಷ್ಟರಲ್ಲಿ ಶಿಲೀಂಧ್ರಕ್ಕೆ ಒಂದು ವಾರ ಬಿಟ್ಟುಕೊಟ್ಟ ಹಾಗೆ. ಮಟ್ಟ ಹೊಸ ಡೋಸಿಗೆ ಹೊಂದಿಕೊಂಡು ನಿಲ್ಲಲು ಸುಮಾರು ಐದು ದಿನ ಬೇಕು. ಮಂಗಳವಾರ ಬೆಳಿಗ್ಗೆ ಮತ್ತೆ ರಕ್ತ, ಮಾತ್ರೆಗೆ ಮುಂಚೆ. ನರ್ಸ್‌ಗೆ ಹೇಳಿ ಚಾರ್ಟಿನ ಮೇಲೂ ದೊಡ್ಡದಾಗಿ ಬರೆಸಿದ್ದೇನೆ.